ಪಾರ್ಸೆಲ್ ರಾಜ್ಯದ ಗಡಿ ದಾಟಿದರೆ ಜಿಎಸ್‌ಟಿ: ನನ್ನ ಅನುಭವ

ಹುಬ್ಬಳ್ಳಿಯ ನಮ್ಮ ಮನೆಯಲ್ಲೇ ಕಾಟನ್ ನೈಟಿ ಹೊಲಿಸಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. "40 ಲಕ್ಷ ಆಗುವ ತನಕ ಜಿಎಸ್‌ಟಿ ಬೇಡ ಅಲ್ವಾ ಅಕ್ಕಾ?" ನಾನು ತಿರುಗಿ ಕೇಳುತ್ತೇನೆ, "ಪಾರ್ಸೆಲ್ ಎಲ್ಲಿಗೆ ಹೋಗುತ್ತದೆ?"

ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ಮಾರಾಟದ ತನಕ ಜಿಎಸ್‌ಟಿ ನೋಂದಣಿ ಬೇಡ ಅನ್ನುವ ಮಿತಿ ಇರುವುದು ನಿಜ. 2019ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಆದರೆ ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಕೆಲವರಿಗೆ ಈ ಮಿತಿಯನ್ನೇ ತೆಗೆದುಹಾಕುತ್ತದೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಮೊದಲ ಪಾರ್ಸೆಲ್‌ಗೇ ನೋಂದಣಿ ಬೇಕು. ಕೊಲ್ಲಾಪುರಕ್ಕೆ ಒಂದೇ ಒಂದು ನೈಟಿ ಕಳಿಸಿದರೂ ಅಷ್ಟೇ. ಇನ್‌ಸ್ಟಾಗ್ರಾಂನಲ್ಲಿ ಮಾರಿ, ವಾಟ್ಸಾಪ್‌ನಲ್ಲಿ ವಿಳಾಸ ತೆಗೆದುಕೊಂಡು, ನೀವೇ ಕೊರಿಯರ್ ಮಾಡಿದರೂ ಇದೇ ನಿಯಮ. ಪಟ್ಟಿಯಲ್ಲಿರುವ ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಆದರೆ ಮಿಷನ್‌ನಲ್ಲಿ ಹೊಲಿದ ನನ್ನ ನೈಟಿ ಅದರಲ್ಲಿ ಬರುವುದಿಲ್ಲ.

ದೊಡ್ಡ ಆನ್‌ಲೈನ್ ಮಾರಾಟ ತಾಣಗಳಲ್ಲಿ ಸರಕು ಮಾರಬೇಕು ಅಂದರೆ ಮೊದಲು ಎಲ್ಲರಿಗೂ ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಒಂದು ದಾರಿ ಸಿಕ್ಕಿದೆ. ಮಾರಾಟ ಮಿತಿಯೊಳಗಿರಬೇಕು, ಒಂದೇ ರಾಜ್ಯದಿಂದ ಮಾರಬೇಕು, ಸರಕು ಆ ರಾಜ್ಯದೊಳಗೇ ಹೋಗಬೇಕು. ಆಗ gst.gov.in ನಲ್ಲಿ ಪ್ಯಾನ್ ಮತ್ತು ವ್ಯಾಪಾರದ ವಿಳಾಸ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ನಾನು ಶುರು ಮಾಡಿದ್ದು ಹೀಗೇ. ಆ ನಂಬರ್ ಕೈಗೆ ಬಂದ ಮೇಲೆಯೇ ಮಾರಲು ಅವಕಾಶ. ಅದು ಜಿಎಸ್‌ಟಿ ನಂಬರ್ ಅಲ್ಲ. ಹಾಗಾಗಿ ಆಗ ನಾನು ಕೊಡುತ್ತಿದ್ದ ಬಿಲ್‌ನಲ್ಲಿ ತೆರಿಗೆಯ ಸಾಲೇ ಇರಲಿಲ್ಲ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ಅಂತ ಒಂದು ರೂಪಾಯಿಯೂ ತೆಗೆದುಕೊಳ್ಳುವ ಹಾಗಿಲ್ಲ.

40 ಲಕ್ಷದ ಲೆಕ್ಕದಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಅದು ಲಾಭವೂ ಅಲ್ಲ, ಕಮಿಷನ್ ಕಳೆದು ನಿಮ್ಮ ಖಾತೆಗೆ ಬಿದ್ದ ಹಣವೂ ಅಲ್ಲ. ಗಿರಾಕಿಗೆ ಮಾರಿದ ಪೂರ್ತಿ ಬೆಲೆ. ಒಂದೇ ಪ್ಯಾನ್‌ನಲ್ಲಿ ನಡೆಯುವ ಎಲ್ಲ ವ್ಯಾಪಾರವೂ, ತೆರಿಗೆ ಇಲ್ಲದ ಸರಕಿನ ಮಾರಾಟವೂ ಅದರಲ್ಲಿ ಸೇರುತ್ತದೆ. ಎರಡನೆಯದು ನಮ್ಮಂಥ ಹೊಲಿಗೆಯವರಿಗೆ ತುಂಬಾ ಮುಖ್ಯ. ಗಿರಾಕಿ ತಂದ ಬಟ್ಟೆಯನ್ನು ಹೊಲಿದು ಕೊಟ್ಟು ಕೂಲಿ ತೆಗೆದುಕೊಂಡರೆ ಅದು ಸೇವೆ. ಸರಕಿನ ಜೊತೆ ಸೇವೆಯೂ ಇದ್ದರೆ ಮಿತಿ 40 ಅಲ್ಲ, 20 ಲಕ್ಷ. ಪಕ್ಕದ ಮನೆಯವರ ಬ್ಲೌಸ್ ಹೊಲಿಯುವುದು ಸಣ್ಣ ಆದಾಯ ಅನ್ನಿಸಬಹುದು, ಮಿತಿಯನ್ನು ಮಾತ್ರ ಅರ್ಧಕ್ಕೆ ಇಳಿಸುತ್ತದೆ.

2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಇಟ್ಟುಕೊಳ್ಳಿ ಅಂತ ಅದಕ್ಕೇ ಹೇಳುತ್ತೇನೆ. ತಮ್ಮ ಕಳಿಸಿದ ಕೈಸಾಲ, ಚೀಟಿ ದುಡ್ಡು, ಮಾರಾಟದ ಹಣ ಎಲ್ಲ ಒಂದೇ ಖಾತೆಗೆ ಬಂದರೆ, ಯಾವುದು ಮಾರಾಟ ಅಲ್ಲ ಅಂತ ಸಾಲು ಸಾಲಾಗಿ ನೀವೇ ತೋರಿಸಬೇಕಾಗುತ್ತದೆ.

ಪುಣೆ, ಸೊಲ್ಲಾಪುರದಿಂದ ಆರ್ಡರ್ ಕೇಳುವವರು ಜಾಸ್ತಿಯಾದಾಗ ನಾನು ನೋಂದಣಿ ಮಾಡಿಸಿದೆ. ಪೋರ್ಟಲ್‌ನಲ್ಲಿ GST REG-01 ಅರ್ಜಿ ತುಂಬಬೇಕು. ಸರ್ಕಾರಕ್ಕೆ ಕಟ್ಟುವ ಶುಲ್ಕ ಇಲ್ಲ. ಪ್ಯಾನ್, ಆಧಾರ್, ಫೋಟೋ ಮತ್ತು ಜಾಗದ ದಾಖಲೆ ಬೇಕು. ಮನೆ ಮಾವನವರ ಹೆಸರಿನಲ್ಲಿ ಇದ್ದುದರಿಂದ ಕರೆಂಟ್ ಬಿಲ್ ಜೊತೆ ಅವರ ಒಪ್ಪಿಗೆ ಪತ್ರವನ್ನೂ ಹಾಕಿದೆ. ಅರ್ಜಿಯಲ್ಲಿ ಬರೆಯುವ ವಿಳಾಸ ಕರೆಂಟ್ ಬಿಲ್‌ನಲ್ಲಿರುವ ವಿಳಾಸಕ್ಕೆ ಅಕ್ಷರಶಃ ಹೊಂದಬೇಕು, ಇದನ್ನು ಎರಡು ಸಲ ನೋಡಿ. ಜಿಎಸ್‌ಟಿ ನಂಬರ್ ಬಂದ ಮೇಲೆ ಹಳೆಯ ಎನ್‌ರೋಲ್‌ಮೆಂಟ್ ನಂಬರ್ ತಾನಾಗಿಯೇ ನಿಂತುಹೋಗುತ್ತದೆ.

ಇನ್ನು ಬಿಲ್. ನನ್ನ ಒಂದು ನೈಟಿಯ ಬೆಲೆ 670 ರೂಪಾಯಿ, ಕೊರಿಯರ್ 65, ಒಟ್ಟು 735. ಇದರಲ್ಲಿ ತೆರಿಗೆ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5 ತೆರಿಗೆ. 735ಕ್ಕೆ ಶೇ. 5 ಅಂದರೆ 36.75 ಅಂತ ಹಾಕುವವರಿದ್ದಾರೆ, ಅದು ತಪ್ಪು. 735ನ್ನು 1.05ರಿಂದ ಭಾಗಿಸಬೇಕು. ಆಗ ಮೂಲ ಬೆಲೆ 700, ತೆರಿಗೆ 35. ಕೊರಿಯರ್ ದುಡ್ಡನ್ನು ಬಿಟ್ಟು ಬರೀ ನೈಟಿಗೆ ತೆರಿಗೆ ಹಾಕುವುದೂ ತಪ್ಪು, ಯಾಕೆಂದರೆ ಕಳಿಸುವ ಖರ್ಚನ್ನು ಗಿರಾಕಿಯಿಂದ ತೆಗೆದುಕೊಂಡರೆ ಅದೂ ಸರಕಿನ ಬೆಲೆಯ ಭಾಗವೇ.

ಪಾರ್ಸೆಲ್ ಧಾರವಾಡಕ್ಕೆ ಹೋದರೆ ಆ 35 ರೂಪಾಯಿಯನ್ನು ಕೇಂದ್ರದ ಪಾಲು ಸಿಜಿಎಸ್‌ಟಿ 17.50, ರಾಜ್ಯದ ಪಾಲು ಎಸ್‌ಜಿಎಸ್‌ಟಿ 17.50 ಅಂತ ಒಡೆಯುತ್ತೇನೆ. ಪುಣೆಗೆ ಹೋದರೆ ಪೂರ್ತಿ 35 ಐಜಿಎಸ್‌ಟಿ, ಅಂದರೆ ರಾಜ್ಯ ದಾಟುವ ಮಾರಾಟದ ತೆರಿಗೆ. ಒಮ್ಮೆ ಬೆಂಗಳೂರಿನ ಗಿರಾಕಿಯೊಬ್ಬರು ದುಡ್ಡು ಕೊಟ್ಟು, "ಅಮ್ಮ ಪುಣೆಯಲ್ಲಿದ್ದಾರೆ, ಅಲ್ಲಿಗೇ ಕಳಿಸಿ" ಅಂದರು. ಅವರದು ಸ್ವಂತ ಬಳಕೆಯ ಖರೀದಿ, ಜಿಎಸ್‌ಟಿ ನಂಬರ್ ಇಲ್ಲ. ಇಂಥ ಕಡೆ ನೋಡಬೇಕಾದ್ದು ದುಡ್ಡು ಕೊಟ್ಟವರ ಊರನ್ನಲ್ಲ, ಸರಕು ತಲುಪಿಸುವ ವಿಳಾಸವನ್ನು. ಹಾಗಾಗಿ ಅದು ಐಜಿಎಸ್‌ಟಿ. ತಪ್ಪಾಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕಟ್ಟಿದರೆ ಸರಿಯಾದ ತೆರಿಗೆಯನ್ನು ಮತ್ತೆ ಕಟ್ಟಿ, ಮೊದಲು ಕಟ್ಟಿದ್ದನ್ನು ರೀಫಂಡ್ ಕೇಳಬೇಕು. ಬಡ್ಡಿ ಬೀಳದಿದ್ದರೂ ಅಷ್ಟು ದಿನ ದುಡ್ಡು ಸಿಕ್ಕಿಕೊಂಡಿರುತ್ತದೆ.

ಬಿಲ್ ನಂಬರ್‌ಗೆ HB/25-26/0001 ಅಂತ ಒಂದು ಸಾಲು ಹಿಡಿದಿದ್ದೇನೆ. 16 ಅಕ್ಷರ ಮೀರಬಾರದು, ನಡುವೆ ನಂಬರ್ ಹಾರಬಾರದು, ಒಂದು ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು. ಮಾರಾಟ ತಾಣ ನನ್ನ ಹೆಸರಿನಲ್ಲಿ ತಯಾರಿಸುವ ಬಿಲ್‌ಗಳದು ಬೇರೆ ಸಾಲು, ಅದಕ್ಕೆ ಅಡ್ಡಿಯಿಲ್ಲ. ಸರಕು ಮನೆ ಬಿಡುವ ಮೊದಲು ಅಥವಾ ಬಿಡುವಾಗಲೇ ಬಿಲ್ ಆಗಬೇಕು, ದುಡ್ಡು ಬಂದ ಮೇಲೆ ಅಲ್ಲ. ಕ್ಯಾಶ್ ಆನ್ ಡೆಲಿವರಿಯವರು ಇದನ್ನು ಗಮನಿಸಿ.

ನೈಟಿ ವಾಪಸ್ ಬಂದರೆ ಹಳೆಯ ಬಿಲ್ ಹರಿದುಹಾಕುವುದಿಲ್ಲ. ಆ ಬಿಲ್‌ನ ನಂಬರ್ ಬರೆದು, ಅದರ ಮೊತ್ತ ಕಳೆಯಲು 735ಕ್ಕೆ ಕ್ರೆಡಿಟ್ ನೋಟ್ ಮಾಡುತ್ತೇನೆ. ಜಿಎಸ್‌ಟಿ ರಿಟರ್ನ್ ಹಾಕುವಾಗ ಆ 35 ರೂಪಾಯಿ ತೆರಿಗೆ ಕಳೆಯುತ್ತದೆ.

ಮಾರಾಟ ತಾಣಗಳು ತೆರಿಗೆ ಬಿಟ್ಟ ಬೆಲೆಯ ಮೇಲೆ ಶೇ. 0.5 ಟಿಸಿಎಸ್ ಹಿಡಿದು ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುತ್ತವೆ. 700 ರೂಪಾಯಿಗೆ 3.50. 2024ರ ಜುಲೈ 10ಕ್ಕೆ ಮೊದಲು ಅದು ಶೇ. 1 ಇತ್ತು. ಈ ದುಡ್ಡು ಹೋಗಿಬಿಟ್ಟಿತು ಅಂತ ಸುಮ್ನೆ ಬಿಡಬೇಡಿ. ಪೋರ್ಟಲ್‌ನಲ್ಲಿ ಟಿಸಿಎಸ್ ಲೆಕ್ಕ ತೆರೆದು ಒಪ್ಪಿಗೆ ಕೊಟ್ಟರೆ ಪೋರ್ಟಲ್‌ನಲ್ಲೇ ಇರುವ ನಿಮ್ಮ ತೆರಿಗೆ ಖಾತೆ, ಅಂದರೆ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ, ಅದರಿಂದ ತೆರಿಗೆ ಕಟ್ಟಬಹುದು. ಒಪ್ಪಿಗೆ ಕೊಡುವ ಮೊದಲು ಅಲ್ಲಿರುವ ಮಾರಾಟದ ಮೊತ್ತವನ್ನು ನನ್ನ ಬಿಲ್‌ಗಳ ಮೊತ್ತದ ಜೊತೆ ಹೋಲಿಸುತ್ತೇನೆ. ವ್ಯತ್ಯಾಸ ಕಂಡರೆ ಹೆಚ್ಚಿನ ಸಲ ಅದು ವಾಪಸ್ ಬಂದ ಸರಕಿನದು. ಒಂದು ತಿಂಗಳ ಕೊನೆಯಲ್ಲಿ ಹೋದ ಪಾರ್ಸೆಲ್ ಮುಂದಿನ ತಿಂಗಳು ವಾಪಸ್ ಬಂದಿರುತ್ತದೆ.