ನಾಲ್ಕಕ್ಷರದ ಏರಿಳಿತವನ್ನು ನಾನು ಎಣಿಸಿದ್ದು: ನನ್ನ ಅನುಭವ

"ನೀನು ಎಣಿಸ್ತಿರೋದು ಬ್ಯಾಕ್ಟೀರಿಯಾದ ಆಟ ಅಲ್ಲ, ಪಿಸಿಆರ್‌ನ ತೊದಲು" ಎಂದು ಲ್ಯಾಬಿನಲ್ಲಿ ಎರಡು ವರ್ಷ ಹೇಳಿಸಿಕೊಂಡಿದ್ದೇನೆ. ಡಿಎನ್ಎ ನಕಲು ಮಾಡುವ ಪಾಲಿಮರೇಸ್ ಟ್ಯೂಬಿನಲ್ಲೇ ಜಾರಿ ಎಣಿಕೆ ತಪ್ಪಿಸುವುದೇ ಈ ತೊದಲು. ಈಗ ಅವರೇ ನನ್ನ ಪ್ರೈಮರ್ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬ್ಯಾಕ್ಟೀರಿಯಾ ಕ್ಯಾಪ್ಸೂಲ್ ಎಂಬ ಹೊರಕವಚ ಇಲ್ಲದ ಹೀಮೋಫಿಲಸ್ ಇನ್‌ಫ್ಲುಯೆಂಜೆ. ಅದರ lic1A ಜೀನಿನ ಆರಂಭದಲ್ಲಿ CAAT ಎಂಬ ನಾಲ್ಕಕ್ಷರ ಸಾಲಾಗಿ ಮರುಕಳಿಸುತ್ತದೆ. ನಕಲಾಗುವಾಗ ಒಂದು CAAT ಜಾರಿದರೆ ಮೂರ್ಮೂರು ಅಕ್ಷರ ಓದುವ ಚೌಕಟ್ಟು ತಪ್ಪಿ, ಮೇಲ್ಮೈಯ ಫಾಸ್ಫೊರಿಲ್‌ಕೋಲಿನ್ ಮಾಯ, ಅಂದರೆ ಆನ್ ಇದ್ದದ್ದು ಆಫ್. ಮೂಗು-ಗಂಟಲಲ್ಲಿ ನೆಲೆಯೂರಲು ಅದು ಬೇಕು. ರಕ್ತದಲ್ಲಿ ಅದೇ ಮುಳುವು: ಸಿ-ರಿಯಾಕ್ಟಿವ್ ಪ್ರೊಟೀನ್ ಬಂದು ಅಂಟಿಕೊಂಡು ಬ್ಯಾಕ್ಟೀರಿಯಾ ಕೊಲ್ಲುವ ರಕ್ತದ ಪ್ರೊಟೀನುಗಳಾದ ಕಾಂಪ್ಲಿಮೆಂಟನ್ನು ಕರೆಯುತ್ತದೆ.

ಸೀರಮ್‌ನಲ್ಲಿ ಬದುಕುಳಿದವು ಮೊದಲೇ ಆಫ್ ಆಗಿದ್ದವೇ ಎಂದು ತೋರಿಸಬೇಕಿತ್ತು. ಮೊದಲ ನಾಲ್ಕೈದು ಸಲ ಒಂದೂ ಸಾಯಲಿಲ್ಲ. ಕರಗಿಸಿ ಹೆಪ್ಪುಗಟ್ಟಿಸಿ ಸೀರಮ್‌ನ ಕಾಂಪ್ಲಿಮೆಂಟನ್ನು ನಾನೇ ಕೊಂದಿದ್ದೆ. ಹೊಸ ಸೀರಮ್ ತಂದರೂ ಅದೇ ಕಥೆ. ಆರೋಗ್ಯವಂತರ ಸೀರಮ್‌ನಲ್ಲಿ ಸಿ-ರಿಯಾಕ್ಟಿವ್ ಪ್ರೊಟೀನ್ ಇರುವುದೇ ಅತ್ಯಲ್ಪ. ಶುದ್ಧ ಪ್ರೊಟೀನ್ ಬೆರೆಸಿದೆ, ಆಗಲೂ ಇಲ್ಲ. ಬಫರ್‌ನಲ್ಲಿ ಕ್ಯಾಲ್ಸಿಯಂ ಹಾಕುವುದನ್ನೇ ಮರೆತಿದ್ದೆ, ಅದಿಲ್ಲದೆ ಆ ಪ್ರೊಟೀನ್ ಫಾಸ್ಫೊರಿಲ್‌ಕೋಲಿನ್‌ಗೆ ಅಂಟುವುದಿಲ್ಲ. ಆರು ತಿಂಗಳ ಸಾಮಗ್ರಿ ಹಣ ಅಲ್ಲೇ ಹೋಯಿತು.

ಮುಂದೆ ಒಂದೇ ಆನ್ ಕಾಲೊನಿಯಿಂದ ಬೆಳೆಸಿದೆ. ಸೀರಮ್‌ಗೆ ಹಾಕುವ ಮೊದಲೇ ಒಂದಷ್ಟನ್ನು ತಟ್ಟೆಯಲ್ಲಿ ಹರಡಿ, ಕಾಲೊನಿಗಳ ಅಚ್ಚು ತೆಗೆದು ಫಾಸ್ಫೊರಿಲ್‌ಕೋಲಿನ್ ಹಿಡಿಯುವ ಟಿಇಪಿಸಿ-15 ಪ್ರತಿಕಾಯದಿಂದ ಬ್ಲಾಟ್ ಮಾಡಿದರೆ ನೂರಕ್ಕೆ ಎರಡು-ಮೂರು ಕಾಲೊನಿ ಬಣ್ಣ ಹಿಡಿಯಲಿಲ್ಲ. ಸೀರಮ್ ದಾಟಿ ಉಳಿದದ್ದೂ ನೂರಕ್ಕೆ ಸುಮಾರು ಮೂರು, ಬಹುತೇಕ ಎಲ್ಲವೂ ಬಣ್ಣರಹಿತ. ಕಾಂಪ್ಲಿಮೆಂಟ್ ಕೆಡುವಂತೆ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ ಸೀರಮ್‌ನಲ್ಲಿ ಬಣ್ಣರಹಿತಗಳ ಪ್ರಮಾಣ ಕದಲಲಿಲ್ಲ. ಅಂದರೆ ಸೀರಮ್ ಯಾರನ್ನೂ ಬದಲಿಸಲಿಲ್ಲ, ಆರಿಸಿತು ಅಷ್ಟೇ.

ಇನ್ನು ಎಣಿಕೆ. ಕಾಲೊನಿಗೊಂದು ಸೀಕ್ವೆನ್ಸಿಂಗ್ ಮಾಡಿಸಿದರೆ ಜೇಬು ಖಾಲಿ. ಬದಲಿಗೆ ಫ್ಲೋರೊಸೆಂಟ್ ಪ್ರೈಮರ್‌ನಿಂದ ಪಿಸಿಆರ್ ಮಾಡಿ, ತುಣುಕಿನ ಉದ್ದದಿಂದಲೇ CAAT ಎಣಿಸಿದೆ; ಒಂದೊಂದು ಉದ್ದಕ್ಕೆ ಒಂದೊಂದು ಶಿಖರ. ಆ ಪ್ರೈಮರ್ ಮಾಮೂಲಿಗಿಂತ ಎಷ್ಟೋ ಪಟ್ಟು ದುಬಾರಿ, ಆದರೂ ಒಂದು ಟ್ಯೂಬ್ ನೂರಾರು ಕಾಲೊನಿಗೆ ಬಂತು. ತಟ್ಟೆಯಿಂದ ಗೀರಿ ತೆಗೆದ ಮಿಶ್ರಣ ಹಾಕಿದಾಗ ಗರಗಸದಂಥ ಶಿಖರಗಳು ಬಂದವು, ತೊದಲು ಅಂದವರ ಬಾಯಿಗೆ ಎಲೆ ಅಡಿಕೆ ಕೊಟ್ಟಂತಾಯಿತು. ಒಂದೊಂದೇ ಕಾಲೊನಿ, ಕಡಿಮೆ ಸೈಕಲ್, ಜೊತೆಗೆ ಹೋಲಿಕೆಗೆ CAAT ಎಣಿಕೆ ಗೊತ್ತಿರುವ ಪ್ಲಾಸ್ಮಿಡ್ ಹಾಕಿದೆ. ಪ್ಲಾಸ್ಮಿಡ್‌ನ ತೊದಲು ಮುಖ್ಯ ಶಿಖರದ ಹತ್ತನೇ ಒಂದು ಭಾಗವೂ ಇರಲಿಲ್ಲ. ತಾಯಿ ಕಾಲೊನಿಯಲ್ಲಿ 28 CAAT, ಬದುಕಿದವುಗಳಲ್ಲಿ ಹೆಚ್ಚಿನವು 27. 29 ಬಂದ ನಾಲ್ಕಾರು ಪೂರ್ತಿ ಆಫ್ ಆಗದೆ ಬ್ಲಾಟ್‌ನಲ್ಲಿ ಮಸುಕಾಗಿದ್ದವು. ಆ ಚೌಕಟ್ಟಿಗೂ ಓದು ಶುರುವಾಗುವ ಬೇರೊಂದು ATG ಸಿಗುತ್ತದೆ. ರಿವರ್ಸ್ ಪ್ರೈಮರ್‌ನ ಬಾಲಕ್ಕೆ ನಾನು ಮಾಡಿದ ಬದಲಾವಣೆಯನ್ನು ಮಾತ್ರ ಈಗ ಹೇಳುವುದಿಲ್ಲ.

ಹುಮ್ಮಸ್ಸಿನಲ್ಲಿ ಕ್ಯಾಂಪಿಲೊಬ್ಯಾಕ್ಟರ್‌ನ G ಸಾಲಿಗೂ ಕೈ ಹಾಕಿದೆ. ಒಂದೇ ಅಕ್ಷರದ ಸಾಲಿನಲ್ಲಿ ಪಾಲಿಮರೇಸ್ ನಿಜವಾಗಿಯೂ ತೊದಲುತ್ತದೆ. ಪ್ಲಾಸ್ಮಿಡ್ಡೇ ಮೂರು ಶಿಖರ ತೋರಿಸಿತು, ಅಲ್ಲಿಗೆ ಕೈಬಿಟ್ಟೆ.