ಎರೆತೊಟ್ಟಿಗೆ ನೀರು ಹಾಕುವುದನ್ನು ಬಿಟ್ಟ ಮೇಲೆ ಹುಳು ಉಳಿದವು

ಅಡುಗೆಮನೆಯ ಸಿಪ್ಪೆಯನ್ನು ಎರೆಹುಳುಗಳಿಂದ ಗೊಬ್ಬರ ಮಾಡಿಸುವ ಎರೆತೊಟ್ಟಿಗೆ ದಿನಾ ನೀರು ಚಿಮುಕಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಹೆಚ್ಚುಕಡಿಮೆ ಒಂದು ವರ್ಷದಿಂದ ಚಿಮುಕಿಸಿಲ್ಲ, ಸಿಪ್ಪೆಯ ಜೊತೆ ಒಣ ರಟ್ಟು ಹಾಕುತ್ತೇನೆ ಅಷ್ಟೇ. ನನ್ನ ಬಾಲ್ಕನಿಯ ತೊಟ್ಟಿ ನಾರುವುದಿಲ್ಲ, ಕೆಳಗೆ ರಸ ಸೋರುವುದಿಲ್ಲ, ಹುಳು ಮೂರು ಪಟ್ಟಾದರೂ ಆಗಿರಬೇಕು. "ಬರೀ ರಟ್ಟು ತುಂಬಿಸಿ ಹುಳುಗಳನ್ನ ಸಾಯಿಸ್ತೀಯ ನೋಡು" ಅಂದವರೇ ಈಗ ಒಂದು ಹಿಡಿ ಹುಳು ಕೊಡು ಅಂತ ಬರುತ್ತಿದ್ದಾರೆ.

ಇದಕ್ಕೂ ಮುಂಚೆ ಎರಡು ಕಂತು ಹುಳು ಹೋದವು. ಮೊದಲನೆಯದು ಅಂತಸ್ತಿನ ಪ್ಲಾಸ್ಟಿಕ್ ತೊಟ್ಟಿಯಲ್ಲಿ. ಹುಳು, ಅವು ಇರುವ ಹಾಸು ಎಲ್ಲ ಸೇರಿಸಿದರೂ ಆ ತೊಟ್ಟಿಗೆ ಕೊಟ್ಟ ದುಡ್ಡಿನ ಅರ್ಧ ಆಗಿರಲಿಲ್ಲ. ಮಾರಿದವರು ಹೇಳಿದ ಹಾಗೆ ದಿನಾ ನೀರು ಬಿತ್ತು. ಬಾಲ್ಕನಿಯ ಗಾಳಿಗೆ ಮೇಲಿನ ಎರಡು ಬೆರಳು ಹಾಸು ಬೇಗ ಒಣಗುತ್ತದೆ, ನೋಡಿದರೆ ಪಾಪ ಅನ್ನಿಸುತ್ತದೆ, ಮತ್ತೆ ನೀರು ಬೀಳುತ್ತದೆ. ಕೆಳಗೆ ಕೈ ಹಾಕಿದರೆ ಕರಿ ಗಂಜಿ! ಗಾಳಿಯೇ ಆಡದೆ ಕೊಳೆತು, ಕೆಟ್ಟ ಮೊಟ್ಟೆಯ ವಾಸನೆ. ಹುಳುಗಳೆಲ್ಲ ಮುಚ್ಚಳದ ಒಳಗೆ, ಅಂಚಿನ ಸಂದಿಯಲ್ಲಿ ಗುಂಪುಗೂಡಿದ್ದವು. ಹುಳು ಹೀಗೆ ಮೇಲೆ ಹತ್ತಿದರೆ ಸಾಮಾನ್ಯವಾಗಿ ಕೆಳಗೆ ಏನೋ ಕೆಟ್ಟಿದೆ ಅಂತ ಅರ್ಥ.

ಮಧ್ಯದಲ್ಲಿ ಮಣ್ಣಿಗೆ ಚುಚ್ಚುವ ತೇವದ ಮೀಟರ್‌ಗೂ ದುಡ್ಡು ಹಾಕಿದೆ. ದಂಡ. ಸಡಿಲ ಹಾಸಿನಲ್ಲಿ ಕಡ್ಡಿಗೆ ಏನೂ ಸರಿಯಾಗಿ ತಾಗುವುದಿಲ್ಲ, 'ಒಣ' ಅನ್ನುತ್ತದೆ. ತಾಗಿದ ಕಡೆ ಗೊಬ್ಬರದ ಉಪ್ಪಿನಂಶಕ್ಕೆ 'ಒದ್ದೆ' ಅನ್ನುತ್ತದೆ. ಕೊನೆಗೆ ಕೆಲಸಕ್ಕೆ ಬಂದದ್ದು ಅಡುಗೆಮನೆಯ ತೂಕದ ಯಂತ್ರ. ತೊಟ್ಟಿಯ ನಡುವಿನಿಂದ 100 ಗ್ರಾಂ ತೆಗೆದು, ಹುಳು ಆರಿಸಿ, ತಟ್ಟೆಯಲ್ಲಿ ಹರಡಿ ಗರಿಗರಿ ಆಗುವವರೆಗೆ ಒಣಗಿಸಿ ಮತ್ತೆ ತೂಗಿದೆ. 15 ಗ್ರಾಂ ಚಿಲ್ಲರೆ ಉಳಿಯಿತು. ಅಂದರೆ ನೀರೇ 85 ಭಾಗ. ಹುಳುಗಳಿಗೆ 70ರಿಂದ 80 ಸಾಕು.

ಆಗ ಲೆಕ್ಕ ತಲೆಗೆ ಹೋಯಿತು. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆಯಲ್ಲೇ 85 ಭಾಗ ನೀರಿರುತ್ತದೆ. ಒಂದು ಕಿಲೋ ಹಾಕಿದರೆ ಮುಕ್ಕಾಲು ಲೀಟರಿಗಿಂತ ಜಾಸ್ತಿ ನೀರನ್ನು ನಾವೇ ಸುರಿದ ಹಾಗೆ. ಸಿಪ್ಪೆ ಕರಗುತ್ತಾ ಹೋದಂತೆ ಅದರ ಒಣ ಭಾಗ ಗಾಳಿಗೆ ಹೋಗುತ್ತದೆ, ಮುಚ್ಚಿದ ತೊಟ್ಟಿಯಲ್ಲಿ ನೀರು ಮಾತ್ರ ಹಾಗೇ ಉಳಿಯುತ್ತದೆ. ಹೀಗಿರುವಾಗ ಮೇಲಿಂದ ಇನ್ನಷ್ಟು ಯಾಕೆ, ಅಲ್ವಾ?

ಈಗ ಸಿಪ್ಪೆಯ ಜೊತೆ ಒಣ ರಟ್ಟನ್ನೂ ತೂಗಿಯೇ ಹಾಕುತ್ತೇನೆ. ಒಂದು ಕಿಲೋ ಸಿಪ್ಪೆಗೆ 150 ಗ್ರಾಂ ಒಣ ರಟ್ಟು ಸೇರಿಸಿದರೆ ಒಟ್ಟು ತೇವ 75ರ ಹತ್ತಿರ ಬರುತ್ತದೆ. 250 ಗ್ರಾಂ ಹಾಕಿದರೆ 70ಕ್ಕೆ ಇಳಿಯುತ್ತದೆ. ನಾನು 200ರ ಆಸುಪಾಸು ಹಾಕುತ್ತೇನೆ, ಮುಂದೆ ಕರಗುವಾಗ ಏರುವ ತೇವಕ್ಕೂ ಜಾಗ ಇರಲಿ ಅಂತ. ರಟ್ಟನ್ನು ನೆನೆಸುವುದಿಲ್ಲ. ಎಲ್ಲರಿಗೂ ಅಲ್ಲೇ ಅನುಮಾನ. ತೊಟ್ಟಿ ಶುರು ಮಾಡುವಾಗಿನ ಹಾಸನ್ನು ಮಾತ್ರ ನೆನೆಸಿ ಹಿಂಡಿ ಹಾಕಬೇಕು, ಹಿಡಿದು ಒತ್ತಿದರೆ ಒಂದೆರಡು ಹನಿ ಬರುವಷ್ಟು. ಆಮೇಲಿನದೆಲ್ಲ ಒಣಗಿದ್ದೇ. ಸಿಪ್ಪೆಯ ನೀರನ್ನು ಅದೇ ಕುಡಿಯುತ್ತದೆ. ಮೇಲೆ ಒಂದು ಹಾಳೆ ರಟ್ಟು ಅಡ್ಡ ಮುಚ್ಚಿಟ್ಟರೆ ಗಾಳಿಗೆ ಒಣಗುವ ಗೋಳೂ ಇಲ್ಲ.

ರಟ್ಟು ಅಂದರೆ ಪೆಟ್ಟಿಗೆಗಳ ಕಂದು ಬಣ್ಣದ ಅಲೆಅಲೆ ರಟ್ಟು. ಟೇಪು, ಮಿರುಗುವ ಪದರ ಕಿತ್ತು ಹೆಬ್ಬೆರಳಗಲ ಹರಿದರೆ ಸಾಕು. ಅಲೆಯ ಸಂದಿಯಲ್ಲಿ ಗಾಳಿ ನಿಲ್ಲುತ್ತದೆ. ನೆನೆದ ತುಂಡೊಂದನ್ನು ಬಿಡಿಸಿ ನೋಡಿ, ಆ ಸಂದಿಯೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ, ನಿಂಬೆ ಆಕಾರದ ಮೊಟ್ಟೆಚೀಲಗಳು ಸಾಲಾಗಿ ಕಾಣುತ್ತವೆ. ಹೊಸದು ತಿಳಿ ಹಳದಿ, ಮರಿ ಬರುವ ಹೊತ್ತಿಗೆ ಕೆಂಪು ಕಂದು. ಬರೀ ದಿನಪತ್ರಿಕೆ ಹಾಕಿದ ತಿಂಗಳು ಪದರಪದರವಾಗಿ ಅಂಟಿಕೊಂಡು ಚಪ್ಪಡಿ ಆಗಿತ್ತು. ಎರಡನೇ ಕಂತಿನ ಹುಳು ಹೋದದ್ದು ಕೊಕೊಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ. ನೀರು ಹಿಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ತೊಳೆಯದ ಮಾಲಿನಲ್ಲಿ ಉಪ್ಪಿರುತ್ತದೆ. ಬಿಟ್ಟ ಗಂಟೆಯೊಳಗೆ ಹುಳುಗಳು ಹೊರಗೆ ಓಡಲು ನೋಡಿದವು. ಅದೇ ಸರಕನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದ ಮೇಲೆ ತೊಂದರೆ ಆಗಲಿಲ್ಲ. ರಟ್ಟಿನ ಜೊತೆ ನಾನು ಇನ್ನೊಂದು ಒಣ ಪುಡಿಯನ್ನೂ ಬೆರೆಸುತ್ತೇನೆ. ಅದೇನು ಅಂತ ಸದ್ಯಕ್ಕೆ ಕೇಳಬೇಡಿ, ಇನ್ನೂ ನೋಡುತ್ತಿದ್ದೇನೆ.

ಹುಳುವಿನ ವಿಷಯದಲ್ಲೂ ದುಡ್ಡು ಹೋಗಿದೆ. 'ಕೆಂಪು ಹುಳು' ಅಂತ ಮಾರುವ ಚೀಲದಲ್ಲಿ ಏನು ಬೇಕಾದರೂ ಇರಬಹುದು. ತೂಕ ಹಾಕುವುದೂ ಒದ್ದೆ ಹಾಸಿನ ಸಮೇತ. ನನಗೆ ಬಂದ ಒಂದು 'ಕಿಲೋ'ದಲ್ಲಿ ಹುಳು ಕಾಲು ಭಾಗವೂ ಇರಲಿಲ್ಲ. ಬಾಲ್ಕನಿಗೆ ನಾನು ಹೇಳುವುದು ಐಸೀನಿಯಾ ಫೆಟಿಡಾ ಅನ್ನುವ ಜಾತಿಯ ಹುಳು. ಮೈಮೇಲೆ ಕೆಂಪು ಪಟ್ಟೆ, ಪಟ್ಟೆಗಳ ನಡುವೆ ಹಳದಿ, ಬಾಲದ ತುದಿಯೂ ಹಳದಿ. ಚಳಿ ಬಿಸಿ ಎರಡನ್ನೂ ತಾಳಿಕೊಳ್ಳುತ್ತದೆ, ತೇವದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಇರುತ್ತದೆ. ಯೂಡ್ರಿಲಸ್ ಯೂಜೀನಿಯೇ ದಪ್ಪಗಿದ್ದು ಬೇಗ ತಿನ್ನುತ್ತದೆ, ಆದರೆ ಚಳಿ ತಡೆಯಲ್ಲ. ಪೆರಿಯೋನಿಕ್ಸ್ ಎಕ್ಸಕವೇಟಸ್ ತಿನ್ನುವುದರಲ್ಲಿ ಕಮ್ಮಿಯಿಲ್ಲ, ಬಿಸಿಲನಾಡಿಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಮಳೆ ಬರುವ ರಾತ್ರಿ ಗುಂಪಾಗಿ ಹೊರಟುಬಿಡುತ್ತದೆ. ಅಂಗಳದಲ್ಲಿ ಪರವಾಗಿಲ್ಲ, ಬಾಲ್ಕನಿಯಲ್ಲಾದರೆ ಕೆಳಗಿನ ಮನೆಯವರಿಗೆ ಏನು ಹೇಳುವುದು? ಇದನ್ನು ಗುರುತಿಸುವುದು ಸುಲಭ. ಅಂಗೈ ಮೇಲೆ ಇಟ್ಟರೆ ಬಿಸಿ ತಾಗಿದ ಹಾಗೆ ಚಿಮ್ಮಿ ಹೊರಳುತ್ತದೆ, ಬೆಳಕಿಗೆ ಹಿಡಿದರೆ ಬೆನ್ನು ನೀಲಿಯಾಗಿ ಮಿಂಚುತ್ತದೆ. ತೋಟದ ಮಣ್ಣು ಅಗೆದಾಗ ಸಿಗುವ ಹುಳು ತರಬೇಡಿ, ಅದಕ್ಕೆ ಬೇಕಾದದ್ದು ಮಣ್ಣು.

ದಿನಕ್ಕೆ ತಮ್ಮ ತೂಕದ ಅರ್ಧ ತಿನ್ನುತ್ತವೆ ಅನ್ನುವ ಮಾತನ್ನು ನಂಬಿ ಹಾಕಿದರೆ ಸಿಪ್ಪೆ ಮಿಕ್ಕಿ ಬಿಸಿಯಾಗುತ್ತದೆ. ನನ್ನಲ್ಲಿ ಕಾಲು ಭಾಗ ಹಾಕಿದರೆ ಸರಿಹೋಗುತ್ತದೆ. ಅರ್ಧ ಕಿಲೋ ಹುಳು ಇದ್ದರೆ ದಿನಕ್ಕೆ ನೂರು ಚಿಲ್ಲರೆ ಗ್ರಾಂ, ಅದನ್ನು ಎರಡು ಮೂರು ದಿನಕ್ಕೊಮ್ಮೆ ಒಟ್ಟಿಗೆ, ಒಂದು ಮೂಲೆಯಲ್ಲಿ.

ಸುಮ್ನೆ ಕುತೂಹಲಕ್ಕೆ ಸಿಪ್ಪೆಯನ್ನು ಫ್ರೀಜರ್‌ನಲ್ಲಿಟ್ಟು ಹಾಕಿ ನೋಡಿದೆ. ಹಣ್ಣಿನ ನೊಣದ ಕಾಟ ತೀರಾ ಕಮ್ಮಿಯಾಯಿತು, ಹುಳುಗಳೂ ಬೇಗ ಮುಗಿಸಿದವು. ಆದರೆ ಕರಗುವಾಗ ನೀರು ಬಿಟ್ಟುಕೊಳ್ಳುತ್ತದೆ, ಜರಡಿಯಲ್ಲಿ ಸೋಸಿ ಹಾಕಬೇಕು. ಮಣ್ಣಿನ ಮಡಕೆಯಲ್ಲೂ ಸ್ವಲ್ಪ ಹುಳು ಬಿಟ್ಟಿದ್ದೇನೆ. ಒಳಗೆ ತಂಪಾಗಿರುತ್ತದೆ, ಬೇಸಿಗೆಯಲ್ಲಿ ಅದೇ ಗೆದ್ದಿತು. ಅಲ್ಲಿ ಮಾತ್ರ ನೀರು ಬೇಡ ಅನ್ನುವ ಮಾತು ನಡೆಯಲ್ಲ, ಮಡಕೆ ಗೋಡೆಯಿಂದಲೇ ತೇವ ಆರಿಹೋಗುತ್ತದೆ. ಬಟ್ಟೆಚೀಲದ ತೊಟ್ಟಿಗೂ ಅಷ್ಟೇ.

ಗೊಬ್ಬರ ತೆಗೆಯುವ ಮುಂಚೆ ಎರಡು ವಾರ ಸಿಪ್ಪೆ ನಿಲ್ಲಿಸಿ ಮುಚ್ಚಳ ಓರೆ ಮಾಡಿಡುತ್ತೇನೆ. ಒದ್ದೆ ಗೊಬ್ಬರ ಜರಡಿಗೆ ಇಳಿಯುವುದಿಲ್ಲ, ಉಂಡೆ ಕಟ್ಟುತ್ತದೆ. ಕೊನೆಯ ವಾರ ಒಂದು ಪಕ್ಕದಲ್ಲಿ ಕಲ್ಲಂಗಡಿ ಸಿಪ್ಪೆ ಬೋರಲು ಹಾಕಿದರೆ ಹುಳು ಮುಕ್ಕಾಲುಪಾಲು ಅದರ ಕೆಳಗೆ ಸೇರುತ್ತವೆ, ಆ ಭಾಗವನ್ನು ಮೊದಲು ಎತ್ತಿಟ್ಟುಕೊಳ್ಳಬಹುದು. ಹತ್ತು ಕಿಲೋ ಸಿಪ್ಪೆ, ಎರಡು ಕಿಲೋ ರಟ್ಟಿಗೆ ನನಗೆ ಸಿಗುವುದು ಮೂರು ಕಿಲೋ ಗೊಬ್ಬರ, ಒಮ್ಮೊಮ್ಮೆ ಸ್ವಲ್ಪ ಜಾಸ್ತಿ. ಜರಡಿಯ ಮೇಲೆ ಉಳಿದ ರಟ್ಟಿನ ಚೂರುಗಳಲ್ಲಿ ಮೊಟ್ಟೆಚೀಲ ಇರುತ್ತವೆ, ಬಿಸಾಡಬೇಡಿ, ಮುಂದಿನ ತೊಟ್ಟಿಗೆ ಅದೇ ಹಾಸು.