ಬೇಸಿಕ್ ಮೇಲಾ, ಗ್ರಾಸ್ ಮೇಲಾ? ನನ್ನ 28 ದಿನದ ರಜೆ ಹಣ

2023ರ ಆಗಸ್ಟ್ 31ಕ್ಕೆ ನಾನು ತುಮಕೂರು ಹತ್ತಿರದ ವಸಂತನರಸಾಪುರದ ಕಾರ್ಖಾನೆ ಕೆಲಸ ಬಿಟ್ಟೆ. ಅಲ್ಲಿ ನಾಲ್ಕು ವರ್ಷ ಸಿಎನ್‌ಸಿ ಆಪರೇಟರ್ ಆಗಿದ್ದೆ. ನೋಟಿಸ್ ತಿಂಗಳನ್ನೂ ಪೂರ್ತಿ ದುಡಿದೇ ಹೊರಟೆ. ಅಕ್ಟೋಬರ್ ಮೊದಲ ವಾರ ಸೆಟ್ಲ್‌ಮೆಂಟ್ ಹಾಳೆ ಕೈಗೆ ಬಂತು. ಅದರಲ್ಲಿ ಬಳಸದೆ ಉಳಿದ ಗಳಿಕೆ ರಜೆಯ, ಅಂದರೆ ಇ.ಎಲ್. ಹಣದ ಸಾಲು ಹೀಗಿತ್ತು: ಇ.ಎಲ್. 18 ದಿನ, ದಿನಕ್ಕೆ 433.33, ಒಟ್ಟು 7,800 ರೂಪಾಯಿ.

ನನ್ನ ತಿಂಗಳ ಸಂಬಳ 23,400. ರಜೆ ಹಾಕಿದರೆ ಒಂದು ದಿನಕ್ಕೆ ಎಷ್ಟು ಕಟ್ ಆಗುತ್ತದೆ ಅಂತ ನನಗೆ ಗೊತ್ತಿತ್ತು. 433 ರೂಪಾಯಿ ಎಲ್ಲಿಂದ ಬಂತು ಅಂತ ಮಾತ್ರ ಅರ್ಥ ಆಗಲಿಲ್ಲ. ಎಚ್.ಆರ್. ಮೇಡಂಗೆ ಫೋನ್ ಮಾಡಿದೆ. "ಬೇಸಿಕ್ ಮತ್ತು ಡಿ.ಎ. ಸೇರಿ 13,000. ಅದನ್ನ 30ರಿಂದ ಭಾಗಿಸಿದೀವಿ. ಎಲ್ಲರಿಗೂ ಹೀಗೇ ಕೊಡೋದು, ಕಂಪನಿ ಪಾಲಿಸಿ" ಅಂದರು.

ನನ್ನ ಸೋದರಮಾವ ಇನ್ನೊಂದು ಕಾರ್ಖಾನೆಯ ಟೈಮ್ ಆಫೀಸ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಹಾಳೆ ಅವರ ಮುಂದೆ ಇಟ್ಟೆ. ಅವರು ಹಣದ ಕಡೆ ನೋಡಲೇ ಇಲ್ಲ. "ದುಡ್ಡು ಆಮೇಲೆ ಕಣೋ, ಮೊದಲು ದಿನ ಸರಿ ಇದೆಯಾ ನೋಡೋಣ. ನಿನ್ನ ರಜೆ ಕಾರ್ಡ್ ತೆಗೆ" ಅಂದರು.

ಪುಣ್ಯಕ್ಕೆ ಕೆಲಸ ಬಿಡುವ ಹಿಂದಿನ ವಾರವೇ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಂಡಿದ್ದೆ. ಗೇಟ್ ದಾಟಿದ ಮೇಲೆ ಆ ಕಾರ್ಡ್ ಸಿಗುವುದಿಲ್ಲ. ಹಳೆಯ ಬಾಕಿ 8 ದಿನ ಇತ್ತು. 2022ರಲ್ಲಿ ನಾನು 280 ದಿನ ಕೆಲಸ ಮಾಡಿದ್ದೆ. 20 ದಿನದ ಕೆಲಸಕ್ಕೆ ಒಂದು ರಜೆ, ಅಂದರೆ 14. ಅದರಲ್ಲಿ 4 ಬಳಸಿದ್ದೆ. ಅಲ್ಲಿಗೆ 18. ಕಂಪನಿ ಲೆಕ್ಕ ಇಲ್ಲಿಗೆ ನಿಂತಿತ್ತು.

ಆದರೆ 2023ರ ಜನವರಿಯಿಂದ ಆಗಸ್ಟ್‌ವರೆಗೆ ದುಡಿದದ್ದು? ಕಾರ್ಖಾನೆ ರಜೆಯ ಪದ್ಧತಿಯಲ್ಲಿ ಈ ವರ್ಷ ದುಡಿದ ರಜೆ ಮುಂದಿನ ವರ್ಷದ ಖಾತೆಗೆ ಬರುತ್ತಿತ್ತು. ಹಾಗಾಗಿ ವರ್ಷದ ಮಧ್ಯೆ ಬಿಟ್ಟವನ ಕಾರ್ಡಿನಲ್ಲಿ ಆ ದಿನಗಳು ಕಾಣುತ್ತಲೇ ಇರಲಿಲ್ಲ. ಆ ವರ್ಷ ರಜೆ ಹಕ್ಕಿಗೆ ಬೇಕಾದ 240 ದಿನದ ಕೆಲಸ ಆಗಿಲ್ಲ, ಆದ್ದರಿಂದ ಏನೂ ಇಲ್ಲ ಅಂತ ಎಚ್.ಆರ್. ಕೂಡ ನಂಬಿದ್ದರು. ಅದು ತಪ್ಪು. 1948ರ ಕಾರ್ಖಾನೆ ಕಾಯ್ದೆಯ 79ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿ ಇತ್ತು: ಕೆಲಸಗಾರ ವರ್ಷದ ನಡುವೆ ಬಿಟ್ಟರೆ 240 ದಿನ ಆಗದಿದ್ದರೂ ದುಡಿದಷ್ಟಕ್ಕೆ ರಜೆ ಹಣ ಕೊಡಬೇಕು. ಎಂಟು ತಿಂಗಳ ಪೇ ಸ್ಲಿಪ್ ಹರಡಿಕೊಂಡು ಹಾಜರಿ ಕೂಡಿದೆವು. 198 ದಿನ ಬಂತು. 20ರಿಂದ ಭಾಗಿಸಿದರೆ 9.9. ಅರ್ಧ ದಿನ ಅಥವಾ ಜಾಸ್ತಿ ಇದ್ದರೆ ಪೂರ್ತಿ ಒಂದು ದಿನ ಅಂತ ಹಿಡಿಯಬೇಕು. ಹಾಗಾಗಿ 10. ಒಟ್ಟು 28 ದಿನ.

ಆಮೇಲೆ ದರ. ಇದನ್ನು ಅದೇ ಕಾಯ್ದೆಯ 80ನೇ ಸೆಕ್ಷನ್ ಹೇಳುತ್ತಿತ್ತು. ಹಿಂದಿನ ತಿಂಗಳಲ್ಲಿ ನಿಜವಾಗಿ ಕೆಲಸ ಮಾಡಿದ ದಿನಗಳ ಪೂರ್ಣ ಗಳಿಕೆಯ ದಿನದ ಸರಾಸರಿ. ಓ.ಟಿ. ಮತ್ತು ಬೋನಸ್ ಬಿಡಬೇಕಿತ್ತು, ಡಿ.ಎ. ಸೇರಿಸಬೇಕಿತ್ತು. 'ಬೇಸಿಕ್' ಅನ್ನೋ ಮಾತೇ ಅಲ್ಲಿ ಇರಲಿಲ್ಲ. ನನ್ನ ಜುಲೈ ಸ್ಲಿಪ್ ತೆಗೆದೆವು. ಬೇಸಿಕ್ ಮತ್ತು ಡಿ.ಎ. 13,000, ಮನೆ ಬಾಡಿಗೆ ಭತ್ಯೆ 5,200, ಕನ್ವೇಯನ್ಸ್ 1,600, ಸ್ಪೆಷಲ್ ಅಲೋವೆನ್ಸ್ 3,600. ಕೂಡಿದರೆ 23,400. ಅದರ ಕೆಳಗೆ ಓ.ಟಿ. 2,100 ಇತ್ತು. ಅದನ್ನು ಮಾವ ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದರು. ಆ ತಿಂಗಳು 5 ಭಾನುವಾರ ಬಿಟ್ಟು 26 ದಿನ ಕೆಲಸ ಮಾಡಿದ್ದೆ. 23,400 ಭಾಗಿಸು 26, ದಿನಕ್ಕೆ 900 ರೂಪಾಯಿ. 28 ದಿನಕ್ಕೆ 25,200. ಕಂಪನಿ ಹಾಕಿದ್ದು 7,800. ವ್ಯತ್ಯಾಸ 17,400.

30ರಿಂದ ಭಾಗಿಸುವುದು ಸಣ್ಣ ವಿಷಯದ ಹಾಗೆ ಕಾಣುತ್ತದೆ. ಆದರೆ ಕೆಲಸ ಮಾಡಿದ್ದು 26 ದಿನ, ಆ ಗಳಿಕೆಯನ್ನು 30 ದಿನಕ್ಕೆ ಹಂಚಿದರೆ ದರ ತಾನಾಗಿ ಇಳಿಯುತ್ತದೆ ಅಲ್ವಾ?

ಇದನ್ನೆಲ್ಲ ಒಂದೇ ಪುಟದ ಪತ್ರದಲ್ಲಿ ಬರೆದೆ. ಸಿಟ್ಟಿನ ಮಾತು ಒಂದೂ ಹಾಕಲಿಲ್ಲ. ದಿನಗಳ ಲೆಕ್ಕ, ದರದ ಲೆಕ್ಕ, ಎರಡು ಸೆಕ್ಷನ್ ನಂಬರ್, ಜೊತೆಗೆ ಕಾರ್ಡ್ ಮತ್ತು ಸ್ಲಿಪ್‌ಗಳ ಜೆರಾಕ್ಸ್. ಕೆಲಸ ಬಿಟ್ಟವನಿಗೆ ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ಈ ಹಣ ಕೊಡಬೇಕು ಅಂತ 79ರಲ್ಲೇ ಇತ್ತು, ಅದನ್ನೂ ಬರೆದೆ. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ಸೆಟ್ಲ್‌ಮೆಂಟ್ ಹಾಳೆಯ ಕೆಳಗೆ 'ಇನ್ನು ಯಾವ ಬಾಕಿಯೂ ಇಲ್ಲ' ಅಂತ ಒಂದು ಸಾಲು ಇತ್ತು. ಅದಕ್ಕೆ ಸಹಿ ಮಾಡಿರಲಿಲ್ಲ.

ಹತ್ತು ದಿನಕ್ಕೆ ಕಂಪನಿಯ ಕನ್ಸಲ್ಟೆಂಟ್ ಫೋನ್ ಮಾಡಿದರು. ಮರ್ಯಾದೆಯಿಂದಲೇ ಮಾತಾಡಿದರು. "ರಜೆ ಹಣಕ್ಕೆ ಸಂಬಳ ಅಂದರೆ ಬೇಸಿಕ್ ಮತ್ತು ಡಿ.ಎ. ಅಂತ ಕಾನೂನಿನಲ್ಲೇ ಇದೆಯಲ್ಲ" ಅಂದರು. ಇದೆ, ಆದರೆ ಅದು ಆದಾಯ ತೆರಿಗೆ ಕಾನೂನಿನಲ್ಲಿ. ಬಂದ ರಜೆ ಹಣದಲ್ಲಿ ಎಷ್ಟಕ್ಕೆ ತೆರಿಗೆ ವಿನಾಯಿತಿ ಅಂತ ಅಳೆಯಲು ಮಾಡಿದ ವ್ಯಾಖ್ಯೆ ಅದು. ಖಾಸಗಿ ನೌಕರರಿಗೆ ಆ ವಿನಾಯಿತಿಯ ಮಿತಿ 2023ರ ಏಪ್ರಿಲ್‌ನಿಂದ 25 ಲಕ್ಷ ಆಯಿತಲ್ಲ, ಆ ಲೆಕ್ಕಕ್ಕೆ ಬೇಕಾದದ್ದು. ಮಾಲೀಕ ಎಷ್ಟು ಕೊಡಬೇಕು ಅನ್ನೋದನ್ನು ಅದು ಹೇಳುವುದಿಲ್ಲ. ಬೇಸಿಕ್ ಅನ್ನೋ ಗೊಂದಲ ಹುಟ್ಟುವುದೇ ಹೆಚ್ಚಾಗಿ ಇಲ್ಲಿ ಅಂತ ನನಗೆ ಈಗಲೂ ಅನಿಸುತ್ತದೆ. ಪಾಲಿಸಿ ವಿಷಯವನ್ನೂ ಅವರಿಗೆ ಹೇಳಿದೆ. ಕಂಪನಿ ಪಾಲಿಸಿ ಕಾಯ್ದೆಗಿಂತ ಜಾಸ್ತಿ ಕೊಡಬಹುದು, ಕಡಿಮೆ ಕೊಡುವ ಹಾಗಿಲ್ಲ. ಅವರು "ನೋಡಿ ಹೇಳ್ತೀನಿ" ಅಂದರು. ನವೆಂಬರ್ ಎರಡನೇ ವಾರ ಬಾಕಿ 17,400 ಖಾತೆಗೆ ಬಂತು.

ಬರದಿದ್ದರೆ ನಾನು ವೇತನ ಪಾವತಿ ಕಾಯ್ದೆಯಲ್ಲಿ ಅರ್ಜಿ ಹಾಕಲು ತಯಾರಿದ್ದೆ. ರಜೆ ಹಣ ಕೊಡದಿದ್ದರೆ ಅದನ್ನು ತಡವಾದ ಸಂಬಳ ಅಂತಲೇ ವಸೂಲಿ ಮಾಡಬಹುದಿತ್ತು. ಆಗ ಆ ದಾರಿ ಇದ್ದದ್ದು ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ. ನಾನು 600 ರೂಪಾಯಿ ಅಂತರದಲ್ಲಿ ಒಳಗಿದ್ದೆ.

ಈ ಲೆಕ್ಕ ಎಲ್ಲರಿಗೂ ಹಾಗೇ ಕೂರುವುದಿಲ್ಲ. ಸಿ.ಎಲ್., ಸಿಕ್ ಲೀವ್ ಇದಕ್ಕೆ ಸೇರುವುದಿಲ್ಲ. ಕಾಯ್ದೆ ಕೊಡುವುದಕ್ಕಿಂತ ಜಾಸ್ತಿ ಇ.ಎಲ್. ಕೊಡುವ ಕಂಪನಿಗಳಿವೆ. ಆ ಹೆಚ್ಚಿನ ದಿನಗಳಿಗೆ ಬೇಸಿಕ್ ಮೇಲೆ ಕೊಡ್ತೀವಿ ಅಂತ ಅವರು ಬರೆದುಕೊಂಡಿದ್ದರೆ 80ನೇ ಸೆಕ್ಷನ್ ಹಿಡಿದು ಕೇಳಲು ಬರುತ್ತಿರಲಿಲ್ಲ.

ಇನ್ನೊಂದು ದೊಡ್ಡ ಬದಲಾವಣೆ 2025ರ ನವೆಂಬರ್ 21ರಂದು ಬಂತು. ಅವತ್ತು ಕಾರ್ಖಾನೆ ಕಾಯ್ದೆಯಂಥ ಹಳೆಯ ಕಾಯ್ದೆಗಳ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಈಗ ರಜೆ ಹಕ್ಕಿಗೆ 240ರ ಬದಲು 180 ದಿನ ಸಾಕು. ಆದರೆ 'ವೇತನ' ಅನ್ನೋ ಪದಕ್ಕೆ ಹೊಸ ಅರ್ಥ ಬಂದಿದೆ. ಮನೆ ಬಾಡಿಗೆ ಭತ್ಯೆ, ಕನ್ವೇಯನ್ಸ್, ಓ.ಟಿ. ಅದರ ಹೊರಗೆ. ಹೊರಗಿಟ್ಟದ್ದೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ಸ್ಪೆಷಲ್ ಅಲೋವೆನ್ಸ್ ಅನ್ನೋ ಹೆಸರು ಹೊರಗಿಡುವ ಪಟ್ಟಿಯಲ್ಲಿ ಇಲ್ಲ. ನನ್ನ ಅದೇ ಸ್ಲಿಪ್ಪನ್ನು ಈ ಅರ್ಥದಲ್ಲಿ ನೋಡಿದರೆ ಬಾಡಿಗೆ ಭತ್ಯೆ ಮತ್ತು ಕನ್ವೇಯನ್ಸ್ ಸೇರಿ 6,800 ಹೊರಗೆ ಹೋಗುತ್ತದೆ. ಅದು ಅರ್ಧಕ್ಕಿಂತ ಕಡಿಮೆ, ಹಾಗಾಗಿ ಏನೂ ವಾಪಸ್ ಸೇರುವುದಿಲ್ಲ. ಉಳಿಯುವುದು 16,600. ಅಂದರೆ ಎಚ್.ಆರ್. ಹಿಡಿದ 13,000 ಬೇಸಿಕ್ಕೂ ಅಲ್ಲ, ನಾನು ಪಡೆದ 23,400 ಗ್ರಾಸೂ ಅಲ್ಲ.